ಪಕ್ಕದ ಮನೆಯವರ ಗೋಡೆ ಒಂಬತ್ತು ಇಂಚು ಒಳಗೆ ಬಂದಿದ್ದರೆ ಪತ್ರ ಬರೆಯುವ ಬಗೆ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು 30×40 ಅಡಿಯ, ಪೂರ್ವಕ್ಕೆ ಮುಖವಿರುವ ನಿವೇಶನ. ಉತ್ತರದ ಮನೆಯವರಿಗೂ ನಮಗೂ ನಡುವೆ ಇರುವುದು ಒಂದೇ ಕಾಂಪೌಂಡ್ ಗೋಡೆ. ಹಿಂದೆ ಇಬ್ಬರೂ ಸೇರಿ ಕಟ್ಟಿಸಿದ್ದೆವು. ಎರಡು ವರ್ಷದ ಕೆಳಗೆ ಅವರು ಮನೆ ಹೊಸದಾಗಿ ಕಟ್ಟಿಸುವಾಗ ನಮಗೆ ಹೇಳಿಯೇ ಹಳೆ ಗೋಡೆ ತೆಗೆದು ಹೊಸದು ಹಾಕಿಸಿದರು. ಈಗ ಅಳೆದರೆ ಮುಂದೆ ಸರಿ ಇದೆ, ಹಿಂದೆ ಒಂಬತ್ತು ಇಂಚು ನಮ್ಮ ಕಡೆ ಬಂದಿದೆ. ಬಾಯಲ್ಲಿ ಹೇಳಿದರೆ "ನೋಡೋಣ ಬಿಡ್ರಿ" ಅಂತಾರೆ. ಮಗ ವಕೀಲರ ನೋಟಿಸ್ ಕೊಡಿಸೋಣ ಅಂತಾನೆ. ಹಬ್ಬಕ್ಕೆ ಹೋಳಿಗೆ ಕೊಟ್ಟು ತಗೊಳ್ಳುವ ಮನೆ ಅದು, ನನಗೆ ಮನಸ್ಸಿಲ್ಲ. ಸಂಬಂಧ ಕೆಡದ ಹಾಗೆ ಬರೆದು ಹೇಳುವುದು ಹೇಗೆ?

ಉತ್ತರ: ನಿಮ್ಮ ಮಗ ಹೇಳುವ ನೋಟಿಸಿಗಿಂತ ನೀವು ಬರೆಯಬೇಕೆಂದಿರುವ ಪತ್ರವೇ ಕಾನೂನಿನ ಲೆಕ್ಕದಲ್ಲಿಯೂ ಹೆಚ್ಚು ಬೆಲೆಯುಳ್ಳದ್ದಾಗಬಹುದು. 1963ರ ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದಂತೆ, ನಿಮ್ಮ ಸ್ವತ್ತಿನ ಒಂದು ಭಾಗ ಮತ್ತೊಬ್ಬರ ಸ್ವಾಧೀನಕ್ಕೆ ಹೋಗಿ ಆ ಸ್ವಾಧೀನವು ನಿಮ್ಮ ಹಕ್ಕಿಗೆ ಪ್ರತಿಕೂಲವಾದ ದಿನದಿಂದ 12 ವರ್ಷದೊಳಗೆ ನೀವು ದಾವೆ ಹೂಡಬೇಕು. ಹೂಡದಿದ್ದರೆ ಜಾಗವನ್ನು ಮರಳಿ ಕೇಳುವ ಹಕ್ಕೇ ಹೋಗುತ್ತದೆ. ಬಹಳ ಜನ ತಿಳಿದಿರುವುದೇನೆಂದರೆ, ಒಂದು ನೋಟಿಸ್ ಕಳುಹಿಸಿಬಿಟ್ಟರೆ ಈ 12 ವರ್ಷದ ಎಣಿಕೆ ನಿಂತುಹೋಗುತ್ತದೆ ಎಂದು. ಅದು ನಿಲ್ಲುವುದಿಲ್ಲ. ನೀವು ಎಷ್ಟೇ ಖಾರವಾಗಿ ಬರೆದರೂ ಅದು ನಿಮ್ಮ ಮಾತು ಮಾತ್ರ. ಎಣಿಕೆ ಹೊಸದಾಗಿ ಆರಂಭವಾಗುವುದು ಎದುರಿನವರು ಬರೆದು ಸಹಿ ಮಾಡಿದಾಗ: ಅದೇ ಕಾಯ್ದೆಯ 18ನೇ ಕಲಮಿನಂತೆ, ಅವಧಿ ಮುಗಿಯುವುದಕ್ಕೆ ಮುಂಚೆ ಅವರು ನಿಮ್ಮ ಹಕ್ಕನ್ನು ಲಿಖಿತವಾಗಿ ಒಪ್ಪಿ ಸಹಿ ಹಾಕಿದರೆ ಆ ದಿನದಿಂದ ಹೊಸ ಅವಧಿ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ನಿಮ್ಮ ಪತ್ರದ ಗುರಿ ತಪ್ಪನ್ನು ಎತ್ತಿ ತೋರಿಸುವುದಲ್ಲ, ಅವರ ಸಹಿ ಇರುವ ಒಂದು ಹಾಳೆ ನಿಮ್ಮ ಕ್ರಯಪತ್ರದ ಜೊತೆಗೆ ಸೇರುವಂತೆ ಮಾಡುವುದು. ವಕೀಲರ ನೋಟಿಸ್ ಕೈಗೆ ಬಂದ ಮನುಷ್ಯ ಸಾಮಾನ್ಯವಾಗಿ ಇನ್ನೊಬ್ಬ ವಕೀಲರ ಬಳಿಗೆ ಹೋಗುತ್ತಾನೆ, ಅವರು "ಆರೋಪಗಳೆಲ್ಲ ಸುಳ್ಳು" ಎಂದು ಉತ್ತರ ಬರೆಯುತ್ತಾರೆ, ಮತ್ತು ಅಲ್ಲಿಯವರೆಗೆ ಮೇಸ್ತ್ರಿಯ ತಪ್ಪಾಗಿದ್ದದ್ದು ಆ ದಿನದಿಂದ ಮನೆಯವರ ಹಕ್ಕುಸಾಧನೆಯಾಗುತ್ತದೆ.

ಆದರೆ ಪತ್ರಕ್ಕೆ ಕೈ ಹಾಕುವ ಮುಂಚೆ ಆ ಒಂಬತ್ತು ಇಂಚು ನಿಜವೇ ಎಂಬುದನ್ನು ಗಟ್ಟಿ ಮಾಡಿಕೊಳ್ಳಬೇಕು, ಏಕೆಂದರೆ ತಪ್ಪು ಅಳತೆಯ ಮೇಲೆ ಬರೆದ ಪತ್ರದಷ್ಟು ಸಂಬಂಧವನ್ನು ಕೆಡಿಸುವುದು ಬೇರೊಂದಿಲ್ಲ. ಮೊದಲು ಕ್ರಯಪತ್ರದಲ್ಲಿ ಅಳತೆ ಅಡಿಯಲ್ಲಿದೆಯೋ ಮೀಟರಿನಲ್ಲಿದೆಯೋ ನೋಡಿ. ಎಷ್ಟೋ ಬಡಾವಣೆಗಳಲ್ಲಿ ಕಾಗದದಲ್ಲಿರುವುದು 9×12 ಮೀಟರ್. ಬಾಯಿಮಾತಿನಲ್ಲಿ ಅದನ್ನೂ "ತರ್ಟಿ ಫಾರ್ಟಿ" ಎನ್ನುತ್ತಾರೆ. 30 ಅಡಿ ಎಂದರೆ 9.14 ಮೀಟರ್, ಆದ್ದರಿಂದ 9 ಮೀಟರಿನ ನಿವೇಶನದವರು 30 ಅಡಿ ಹುಡುಕಿದರೆ ಯಾರೂ ಒತ್ತದೆಯೇ ಐದೂವರೆ ಇಂಚು "ಕಾಣೆಯಾಗಿರುತ್ತದೆ". ಎರಡನೆಯದಾಗಿ, ಟೇಪನ್ನು ಎಲ್ಲಿಂದ ಎಲ್ಲಿಗೆ ಹಿಡಿದಿರಿ ಎಂಬುದು. ಇಬ್ಬರಿಗೂ ಸೇರಿದ ಗೋಡೆಯ ಮಧ್ಯರೇಖೆ ಗಡಿಯ ಮೇಲಿರಬೇಕು, ಆರು ಇಂಚಿನ ಸಾಲಿಡ್ ಬ್ಲಾಕ್ ಗೋಡೆಯಲ್ಲಿ ಮೂರು ಇಂಚು ನಿಮ್ಮ ಕಡೆ ಬರುವುದು ನ್ಯಾಯವೇ. ಗೋಡೆಯ ಮೈಯಿಂದ ಅಳೆದವರಿಗೆ ಈ ಮೂರು ಇಂಚು ಒತ್ತುವರಿಯಂತೆ ಕಾಣುತ್ತದೆ, ಗಾರೆ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ನೀವು ಮುಂದೆ ಸರಿ ಇದೆ ಎನ್ನುತ್ತೀರಿ. ಎರಡೂ ತುದಿಯನ್ನು ಒಂದೇ ರೀತಿಯಲ್ಲಿ ಅಳೆದಿದ್ದರೆ ಒಂಬತ್ತು ಇಂಚು ನಿಜವಾದ ವ್ಯತ್ಯಾಸವೇ ಇರಬೇಕು.

ಇದಕ್ಕೊಂದು ತಾಳೆ ಇದೆ. 30×40ರ ಸರಿಯಾದ ಚೌಕಕ್ಕೆ ಮೂಲೆಯಿಂದ ಮೂಲೆಗೆ 50 ಅಡಿ ಬರುತ್ತದೆ. ನಿಮ್ಮ ನಿವೇಶನದಲ್ಲಿ ಸರಿದಿರುವುದು ಹಿಂದಿನ, ಅಂದರೆ ವಾಯವ್ಯ ಮೂಲೆ. ಆದ್ದರಿಂದ ಈಶಾನ್ಯದಿಂದ ನೈರುತ್ಯಕ್ಕೆ ಹಿಡಿದ ಟೇಪು 50 ಅಡಿ ತೋರಿಸಬೇಕು, ಆಗ್ನೇಯದಿಂದ ವಾಯವ್ಯಕ್ಕೆ ಹಿಡಿದದ್ದು ಸುಮಾರು 49 ಅಡಿ ಆರೂವರೆ ಇಂಚು ತೋರಿಸಬೇಕು. ಹೀಗೆ ಬಂದರೆ ಗೋಡೆ ಓರೆಯಾಗಿದೆ ಎಂಬುದು ಖಚಿತ. ಎರಡರಲ್ಲಿ ಯಾವ ಗೋಡೆ ಓರೆ ಎಂಬುದನ್ನು ಅಗಲದ ಅಳತೆಯೊಂದೇ ಹೇಳಲಾರದು, ಅದಕ್ಕೆ ಈ ಎರಡು ಕರ್ಣಗಳು ಬೇಕು. ನಿಮ್ಮ ದಕ್ಷಿಣದ ಗೋಡೆಯೇ ಹಿಂದೆ ಉತ್ತರಕ್ಕೆ ಒಂಬತ್ತು ಇಂಚು ವಾಲಿದ್ದರೂ ಅಗಲ ಅಷ್ಟೇ ಕಡಿಮೆಯಾಗುತ್ತದೆ, ಆಗ 50 ಅಡಿ ಬರುವ ಕರ್ಣ ಇನ್ನೊಂದಾಗುತ್ತದೆ. ಆದರೆ ಇಡೀ ಸಾಲಿನ ನಿವೇಶನಗಳೇ ಒಂದರ ನಂತರ ಒಂದು ಸರಿದಿದ್ದರೆ ಕರ್ಣವೂ ಸಾಲದು, ಬೀದಿಯ ಮೂಲೆಯ ನಿವೇಶನದ ಕಲ್ಲಿನಿಂದ ಅಳತೆ ತರಬೇಕು. ಅದಕ್ಕೆ ಟೋಟಲ್ ಸ್ಟೇಷನ್ ಎಂಬ ಅಳತೆಯ ಯಂತ್ರ ಇರುವ ಭೂಮಾಪಕರು ಬೇಕು, ಅವರ ಕೈಯಲ್ಲಿ ಅನುಮೋದಿತ ಬಡಾವಣೆ ನಕ್ಷೆಯ ಪ್ರತಿ ಇರಬೇಕು. ತಾಲ್ಲೂಕು ಕಚೇರಿಯ ಹದ್ದುಬಸ್ತು ಅರ್ಜಿ ಇಲ್ಲಿ ನೆರವಾಗದು. ಅದು ಸರ್ವೆ ನಂಬರಿನ ಗಡಿಗೆ ಸಂಬಂಧಿಸಿದ್ದು, ಬಡಾವಣೆಯೊಳಗಿನ ಒಂದೊಂದು ನಿವೇಶನದ ಗಡಿ ಆ ದಾಖಲೆಯಲ್ಲಿ ಇರುವುದಿಲ್ಲ. ಹಾಗೆಯೇ ನಿಮ್ಮ ಕ್ರಯಪತ್ರದ ಚಕ್ಕುಬಂದಿಯನ್ನೂ ಅವರ ಕ್ರಯಪತ್ರದ ಚಕ್ಕುಬಂದಿಯನ್ನೂ ಒಟ್ಟಿಗೆ ಇಟ್ಟು ಓದಿ. ಅಳತೆಗೂ ಚಕ್ಕುಬಂದಿಗೂ ಹೊಂದದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚಕ್ಕುಬಂದಿಗೆ ಹೆಚ್ಚು ತೂಕ ಕೊಡುತ್ತವೆ.

ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ನಿಮ್ಮ ಹಿತ್ತಿಲಿನ ಮಣ್ಣಿನೊಳಗೇ ಇರುವ ಸಾಧ್ಯತೆಯಿದೆ. ಹಳೆ ಗೋಡೆ ಕೆಡಹುವ ಮೇಸ್ತ್ರಿಗಳು ನೆಲದ ಮೇಲಿನದನ್ನು ತೆಗೆದು ಸೈಜುಗಲ್ಲಿನ ಹಳೆ ಪಾಯವನ್ನು ಕೀಳದೆ ಬಿಡುವುದು, ಹೊಸ ಪಾಯವನ್ನು ಅದರ ಪಕ್ಕಕ್ಕೆ ಹಾಕುವುದು ಸಾಮಾನ್ಯ. ಮುಂದಿನ ಮೂಲೆಯಲ್ಲಿ ದಾರ ಸರಿಯಾಗಿ ಹಿಡಿದು ಹಿಂದೆ ಮಾತ್ರ ಇತ್ತ ಸರಿಯುವುದಕ್ಕೆ ಇದೇ ಕಾರಣವಾಗಿರುವುದು ಹೆಚ್ಚು. ಹೊಸ ಗೋಡೆಯ ಹಿಂದಿನ ತುದಿಗೆ ಒತ್ತಿದಂತೆ ನಿಮ್ಮ ಜಾಗದಲ್ಲಿಯೇ ಒಂದು ಗುಂಡಿ ತೆಗೆಸಿ ನೋಡಿದರೆ ಹೊಸ ಪಾಯ ನಿಮ್ಮ ಕಡೆಗೆ ಎಷ್ಟು ಚಾಚಿದೆ ಎಂಬುದು ತಿಳಿಯುತ್ತದೆ (ಪಾಯ ಯಾವಾಗಲೂ ಗೋಡೆಗಿಂತ ಅಗಲ, ಅದನ್ನು ನೋಡಿ ಗಾಬರಿಯಾಗಬೇಡಿ). ಅವರ ಒಪ್ಪಿಗೆ ಪಡೆದು ಆ ಬದಿಯಲ್ಲಿಯೂ ಅಗೆದರೆ ಹಳೆ ಕಲ್ಲಿನ ಸಾಲು ಸಿಕ್ಕೀತು. ಇಬ್ಬರೂ ಸೇರಿ ಕಟ್ಟಿಸಿದ ಆ ಸಾಲನ್ನು ಇಬ್ಬರೂ ಅಲ್ಲಗಳೆಯಲಾರರು. ಈ ಅಗೆತವನ್ನು ಮಾತ್ರ ಅವರಿಗೆ ಹೇಳದೆ ಮಾಡಬೇಡಿ.

ಒಂಬತ್ತು ಇಂಚು ನಿಜವೆಂದೇ ಇಟ್ಟುಕೊಂಡರೆ, ಒತ್ತಿರುವುದು ಮುಂದೆ ಸೊನ್ನೆಯಿಂದ ಹಿಂದೆ ಮುಕ್ಕಾಲು ಅಡಿಯವರೆಗೆ ಹರಡಿದ ಒಂದು ತ್ರಿಕೋನ: 40 ಅಡಿಯನ್ನು ಮುಕ್ಕಾಲಿನಿಂದ ಗುಣಿಸಿ ಅರ್ಧ ಮಾಡಿದರೆ 15 ಚದರ ಅಡಿ. ನಿಮ್ಮ ಬೀದಿಯ ಚದರಡಿ ದರದಿಂದ ಈ 15ನ್ನು ಗುಣಿಸಿ, ಗೋಡೆ ಕೆಡವಿ ಕಟ್ಟುವ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಿದ ಮೇಲೆ ನಿಮಗೆ ಏನು ಬೇಕೆಂಬುದನ್ನು ಮನೆಯವರೆಲ್ಲ ಕೂತು ತೀರ್ಮಾನಿಸಿ, ಏಕೆಂದರೆ ಬೇಕಾದುದೇನೆಂದು ತಿಳಿಯದೆ ಬರೆದ ಪತ್ರ ಬರೀ ದೂರಾಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಗೋಡೆಯನ್ನು ಈಗಲೇ ಒಡೆಸುವ ಹಟ ಬೇಡ; ಗಡಿ ಎಲ್ಲಿದೆ ಎಂಬುದನ್ನು ಇಬ್ಬರೂ ಬರೆದು ಒಪ್ಪಿಕೊಂಡು, ಮುಂದೆ ಗೋಡೆ ಯಾವಾಗ ಕಟ್ಟಿದರೂ ಆ ಗಡಿಯ ಮೇಲೆಯೇ ಕಟ್ಟುವುದೆಂದು ಸಹಿ ಮಾಡಿಕೊಂಡರೆ ಸಾಕು. ನಾಳೆ ನೀವು ಮಾರುವಾಗಲೋ ಸಾಲಕ್ಕೆ ಹೋದಾಗಲೋ ಬ್ಯಾಂಕಿನ ಮೌಲ್ಯಮಾಪಕರು ಹಿಂದಿನ ಅಗಲ ಕಡಿಮೆ ಎಂದರೆ ತೋರಿಸಲು ಆ ಹಾಳೆ ಇರುತ್ತದೆ. ಆ ಪಟ್ಟಿಯನ್ನು ಅವರಿಗೇ ಮಾರಿಬಿಡುವ ಯೋಚನೆ ಕೇಳಲು ಚೆನ್ನ, ಆದರೆ ಅದಕ್ಕೆ ನೋಂದಾಯಿತ ಪತ್ರ ಬೇಕು, ಅನುಮೋದಿತ ನಿವೇಶನವನ್ನು ತುಂಡು ಮಾಡುವ ಅನುಮತಿಯ ಪ್ರಶ್ನೆ ಏಳುತ್ತದೆ, ಖಾತೆ ತಿದ್ದಿಸಬೇಕು. 15 ಚದರ ಅಡಿಗೆ ಅಷ್ಟು ಓಡಾಟ ಬೇಡ.

ಪತ್ರ ಯಾರ ಹೆಸರಿಗೆ ಎಂಬಲ್ಲಿ ಎಚ್ಚರಿಕೆ ಬೇಕು. ನೀವು ಮಾತಾಡುವುದು ಯಜಮಾನರೊಂದಿಗೆ, ಆದರೆ ಖಾತೆ ಅವರ ಪತ್ನಿಯ ಹೆಸರಿನಲ್ಲೋ ತಾಯಿಯ ಹೆಸರಿನಲ್ಲೋ ಇದ್ದರೆ ಯಜಮಾನರ ಸಹಿಯಿಂದ ನಿಮಗೆ ಪ್ರಯೋಜನವಿಲ್ಲ. ಜಂಟಿ ಖಾತೆಯಾದರೆ ಎಲ್ಲರ ಸಹಿಯೂ ಬೇಕು. ಪತ್ರವನ್ನು ಇಬ್ಬರ ಹೆಸರಿಗೂ ಬರೆದರೆ ಯಾರಿಗೂ ಅವಮಾನವಾಗುವುದಿಲ್ಲ. ಬರೆಯುವವರೂ ನಿಮ್ಮ ಕಡೆಯ ಖಾತೆದಾರರೇ ಆಗಿರಲಿ. ಮಗನ ಹೆಸರಿನಲ್ಲಿ ಬರೆದರೆ ಹಿರಿಯರ ನಡುವಿನ ಮಾತಿಗೆ ಹುಡುಗ ಬಂದ ಎಂಬ ಮುನಿಸು ಬೇರೆ.

ಧಾಟಿ ಗೊತ್ತಾಗಲೆಂದು ಪತ್ರವನ್ನು ಪೂರ್ತಿಯಾಗಿ ಕೊಡುತ್ತೇನೆ, ನಿಮಗೆ ತಕ್ಕಂತೆ ತಿದ್ದಿಕೊಳ್ಳಿ.

"ಮಾನ್ಯ ಶ್ರೀ ______ ಮತ್ತು ಶ್ರೀಮತಿ ______ ಅವರಿಗೆ ನಮಸ್ಕಾರಗಳು.

ಕಳೆದ ವಾರ ತಮ್ಮ ಮನೆಯಲ್ಲಿ ಮಾತಾಡಿದ ವಿಷಯವನ್ನು, ಇಬ್ಬರಿಗೂ ನೆನಪಿರಲೆಂದು ಬರೆದು ಕೊಡುತ್ತಿದ್ದೇನೆ. ನಿವೇಶನ ಸಂಖ್ಯೆ __ ಮತ್ತು __ರ ನಡುವಿನ ಜಂಟಿ ಕಾಂಪೌಂಡ್ ಗೋಡೆಯನ್ನು ತಾವು ____ನೇ ವರ್ಷದ ____ ತಿಂಗಳಲ್ಲಿ ನಮಗೆ ತಿಳಿಸಿ ಹೊಸದಾಗಿ ಕಟ್ಟಿಸಿದಿರಿ. ಹಳೆ ಗೋಡೆ ಇದ್ದ ಜಾಗದಲ್ಲಿಯೇ ಹೊಸದು ಬರುತ್ತದೆಂದು ತಿಳಿದು ನಾವು ಒಪ್ಪಿದ್ದೆವು. ಇತ್ತೀಚೆಗೆ ನಮ್ಮ ಕ್ರಯಪತ್ರದ ಅಳತೆಯೊಂದಿಗೆ ತಾಳೆ ನೋಡಿದಾಗ, ಮುಂಭಾಗದಲ್ಲಿ ಸರಿಯಾಗಿದ್ದು ಹಿಂಭಾಗದಲ್ಲಿ ಸುಮಾರು ಒಂಬತ್ತು ಇಂಚು ನಮ್ಮ ನಿವೇಶನದ ಒಳಗೆ ಬಂದಿರುವಂತೆ ಕಾಣುತ್ತದೆ. ಹಳೆ ಪಾಯವನ್ನು ತಪ್ಪಿಸಿ ದಾರ ಹಿಡಿಯುವಾಗ ಹೀಗಾಗಿರಬಹುದೆಂದು ನಮ್ಮ ಎಣಿಕೆ.

ನಮ್ಮ ಅಳತೆಯೇ ತಪ್ಪಿರಲೂಬಹುದು. ಆದ್ದರಿಂದ ಇಬ್ಬರಿಗೂ ಒಪ್ಪಿಗೆಯಾದ ಭೂಮಾಪಕರೊಬ್ಬರನ್ನು ಕರೆಸಿ, ಇಬ್ಬರ ಕಾಗದಪತ್ರವನ್ನೂ ಇಟ್ಟುಕೊಂಡು, ಎದುರಿಗೇ ಅಳತೆ ಮಾಡಿಸೋಣ. ಅದರ ಖರ್ಚು ನಮ್ಮದಿರಲಿ. ಗೋಡೆಯನ್ನು ಈಗ ಒಡೆಯಬೇಕೆಂಬುದು ನಮ್ಮ ಕೇಳಿಕೆಯಲ್ಲ. ಗಡಿ ಎಲ್ಲಿದೆ ಎಂಬುದು ನಮ್ಮ ಮಕ್ಕಳ ಕಾಲಕ್ಕೂ ಬರಹದಲ್ಲಿ ಇರಬೇಕೆಂಬುದಷ್ಟೇ. ಅಲ್ಲಿಯವರೆಗೆ ಆ ಜಾಗದ ಮೇಲಿನ ನಮ್ಮ ಹಕ್ಕು ಹಾಗೆಯೇ ಉಳಿದಿರುತ್ತದೆಂಬುದನ್ನು, ಮತ್ತು ಗೋಡೆಗೆ ತಾಗಿಸಿ ಇಬ್ಬರೂ ಹೊಸದಾಗಿ ಏನನ್ನೂ ಕಟ್ಟದಿರುವುದು ಒಳ್ಳೆಯದೆಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಈ ತಿಂಗಳ ಕೊನೆಯೊಳಗೆ ತಮಗೆ ಅನುಕೂಲವಾದ ಭಾನುವಾರವನ್ನು ತಿಳಿಸಿದರೆ ಭೂಮಾಪಕರಿಗೆ ಹೇಳುತ್ತೇನೆ."

ಕೆಳಗೆ ಊರು, ದಿನಾಂಕ, ಸಹಿ. ಇದರಲ್ಲಿ ಕೆಲವು ಮಾತುಗಳನ್ನು ಬೇಕೆಂದೇ ಇಟ್ಟಿದ್ದೇನೆ. ಗೋಡೆ ಕಟ್ಟಿದ ತಿಂಗಳು ಮತ್ತು ವರ್ಷ ಇರಲೇಬೇಕು. ಇಲ್ಲದಿದ್ದರೆ ಹತ್ತು ವರ್ಷದ ನಂತರ ಈ ಗೋಡೆ ಮೊದಲಿನಿಂದಲೂ ಹೀಗೆಯೇ ಇತ್ತು ಎಂಬ ಮಾತು ಬರುತ್ತದೆ. ಹಳೆಯ ಜಾಗದಲ್ಲಿಯೇ ಬರುತ್ತದೆಂದು ತಿಳಿದು ಒಪ್ಪಿದ್ದೆವು ಎಂಬ ಸಾಲು ನಿಮ್ಮ ವಿಷಯದಲ್ಲಿ ಬಹಳ ಮುಖ್ಯ. ಅವರು ನಿಮಗೆ ಹೇಳಿಯೇ ಕಟ್ಟಿಸಿದ್ದಾರೆ, ನೀವು ನೋಡುತ್ತ ಸುಮ್ಮನಿದ್ದಿರಿ ಎಂದು ನಾಳೆ ಅವರ ವಕೀಲರು ಹೇಳಬಲ್ಲರು, ಮತ್ತು ಕಣ್ಣೆದುರಿಗೆ ಕಟ್ಟುವುದನ್ನು ನೋಡಿಯೂ ತಡವಾಗಿ ಬಂದವರಿಗೆ ಗೋಡೆ ಕೆಡವುವ ಆದೇಶದ ಬದಲು ಪರಿಹಾರದ ಹಣವನ್ನಷ್ಟೇ ಕೊಡಲು ನ್ಯಾಯಾಲಯಕ್ಕೆ ಅವಕಾಶವಿದೆ. ಒಪ್ಪಿದ್ದು ಕಟ್ಟುವುದಕ್ಕೆ, ಸರಿಸುವುದಕ್ಕಲ್ಲ ಎಂಬುದು ಈಗಲೇ ಬರಹದಲ್ಲಿ ಇರಲಿ. ತಪ್ಪನ್ನು ದಾರಕ್ಕೂ ಮೇಸ್ತ್ರಿಗೂ ಹೊರಿಸುವುದು ಬರೀ ಮರ್ಯಾದೆಯ ಮಾತಲ್ಲ: ಪ್ರತಿಕೂಲ ಸ್ವಾಧೀನವೆಂದು ಸಾಧಿಸಬೇಕಾದವರು ನಿಮ್ಮ ಹಕ್ಕಿಗೆ ವಿರುದ್ಧವಾಗಿ ಇಟ್ಟುಕೊಂಡಿದ್ದೇವೆ ಎಂಬುದನ್ನು ತೋರಿಸಬೇಕಾಗುತ್ತದೆ, ಕೈತಪ್ಪಿ ಬಂದದ್ದೆಂದು ಅವರೇ ಒಪ್ಪಿದ ಮೇಲೆ ಆ ವಾದ ಸಡಿಲವಾಗುತ್ತದೆ.

ಒತ್ತುವರಿ, ಅತಿಕ್ರಮಣ, ಕಾನೂನು ಕ್ರಮ, ಇಷ್ಟು ದಿನದೊಳಗೆ ತೆರವು ಎಂಬ ಮಾತುಗಳು ಮೊದಲ ಪತ್ರದಲ್ಲಿ ಬೇಡ. ಪತ್ರದ ತಲೆಯ ಮೇಲೆ, ನಮ್ಮ ಹಕ್ಕಿಗೆ ಬಾಧೆಯಿಲ್ಲದಂತೆ ಎಂಬರ್ಥದ "ವಿತೌಟ್ ಪ್ರೆಜುಡೀಸ್" ಎಂದು ಹಾಕುವುದೂ ಬೇಡ. ಅದನ್ನು ಹಾಕಿದರೆ ಭದ್ರವೆಂದು ಜನ ತಿಳಿಯುತ್ತಾರೆ, ಆದರೆ ರಾಜಿ ಮಾತುಕತೆಯ ಪತ್ರವಾಗಿ ಅದನ್ನು ಸಾಕ್ಷ್ಯದಲ್ಲಿ ತರಕೂಡದೆಂಬ ವಾದಕ್ಕೆ ಎಡೆಯಾಗುತ್ತದೆ. ನಿಮಗೆ ಬೇಕಾಗಿರುವುದು ಅದಕ್ಕೆ ತದ್ವಿರುದ್ಧ, ಈ ಪತ್ರ ಮುಂದೊಂದು ದಿನ ತೋರಿಸಲು ಬರುವಂತಿರಬೇಕು. ಹಕ್ಕು ಉಳಿದಿರುತ್ತದೆಂದು ಒಳಗೆ ಒಂದು ವಾಕ್ಯ ಬರೆದರೆ ಸಾಕು. ಹಾಗೆಯೇ "ನಮ್ಮದೇನೂ ಆಕ್ಷೇಪಣೆ ಇಲ್ಲ, ಗೋಡೆ ಇದ್ದಲ್ಲೇ ಇರಲಿ" ಎಂದು ಸೌಜನ್ಯಕ್ಕೂ ಬರೆಯಬೇಡಿ.

ಕೊಡುವ ಕ್ರಮವೂ ಪತ್ರದಷ್ಟೇ ಮುಖ್ಯ. ಮೊದಲು ಹೋಗಿ ಕೂತು ಮಾತಾಡಿ, ಬರೆದು ಕೊಡುತ್ತೇನೆ ಎಂದು ಹೇಳಿಯೇ ಬನ್ನಿ. ಹೇಳದೆ ಬಂದ ಕಾಗದ ಎಷ್ಟು ಮೃದುವಾಗಿದ್ದರೂ ನೋಟಿಸಿನಂತೆಯೇ ಕಾಣುತ್ತದೆ. ಎರಡು ಪ್ರತಿ ಮಾಡಿ, ನೀವೇ ಕೈಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ "ತಲುಪಿದೆ" ಎಂದು ದಿನಾಂಕ ಹಾಕಿ ಸಹಿ ಕೇಳಿ. ಸಹಿಗೆ ಹಿಂಜರಿದರೆ ಒತ್ತಾಯ ಬೇಡ, ಅದೇ ಪತ್ರವನ್ನು ತಲುಪಿದ ದಾಖಲೆ ಬರುವಂತೆ ಸ್ಪೀಡ್ ಪೋಸ್ಟಿನಲ್ಲಿ ಹಾಕಿ, ಹಾಕಿದ್ದೇನೆ ಎಂದು ಬಾಯಲ್ಲಿಯೂ ಹೇಳಿ. ಬೀದಿಯ ಹಿರಿಯರಿಗೆ, ಬಡಾವಣೆಯ ಸಂಘಕ್ಕೆ, ವಾಟ್ಸಾಪ್ ಗುಂಪಿಗೆ ಪ್ರತಿ ಕಳುಹಿಸಬೇಡಿ. ನಾಲ್ಕು ಜನರ ಮುಂದೆ ಹೋದ ವಿಷಯದಲ್ಲಿ ಬಿಟ್ಟುಕೊಡುವುದು ಅವರಿಗೆ ಕಷ್ಟವಾಗುತ್ತದೆ.

ಅಳತೆಯ ದಿನ ಭೂಮಾಪಕರು ಕೊಡುವ ನಕ್ಷೆಯ ಮೇಲೆ ಇಬ್ಬರ ಸಹಿಯಾಗಲಿ, ಅದರ ಕೆಳಗೋ ಬೇರೆ ಹಾಳೆಯಲ್ಲೋ ಖಾತೆದಾರರಾದ ಅವರು ಬರೆದುಕೊಡಬೇಕಾದದ್ದು ಇಷ್ಟು: "ಈ ನಕ್ಷೆಯಲ್ಲಿ ಕೆಂಪು ಗೆರೆಯಿಂದ ತೋರಿಸಿರುವುದೇ ನಿವೇಶನ ಸಂಖ್ಯೆ __ ಮತ್ತು __ರ ನಡುವಿನ ಗಡಿ. ಈಗಿನ ಗೋಡೆ ಹಿಂಭಾಗದಲ್ಲಿ ಈ ಗಡಿಯಿಂದ ದಕ್ಷಿಣಕ್ಕೆ __ ಇಂಚು ಸರಿದಿದ್ದು, ನಡುವಿನ ಜಾಗ ನಿವೇಶನ ಸಂಖ್ಯೆ __ರ ಮಾಲೀಕರಿಗೆ ಸೇರಿದ್ದೆಂದು ಒಪ್ಪುತ್ತೇವೆ. ಆ ಜಾಗದ ಮೇಲೆ ನಮಗೆ ಯಾವುದೇ ಹಕ್ಕಿಲ್ಲ. ಮುಂದೆ ಈ ಗೋಡೆಯನ್ನು ಯಾರು ಯಾವಾಗ ತೆಗೆದು ಕಟ್ಟಿದರೂ ಮೇಲೆ ಹೇಳಿದ ಗಡಿಯ ಮೇಲೆಯೇ ಕಟ್ಟತಕ್ಕದ್ದು." ಇದು ಇರುವ ಹಕ್ಕನ್ನು ಒಪ್ಪಿಕೊಳ್ಳುವ ಬರಹವಾದ್ದರಿಂದ ಸಾದಾ ಹಾಳೆಯ ಮೇಲೆ ಸಹಿಯಿದ್ದರೂ 18ನೇ ಕಲಮಿನ ಉಪಯೋಗಕ್ಕೆ ಬರುತ್ತದೆ. ಬಿಟ್ಟುಕೊಟ್ಟಿದ್ದೇವೆ, ಕೊಟ್ಟಿದ್ದೇವೆ, ಅದಲುಬದಲು ಮಾಡಿಕೊಂಡಿದ್ದೇವೆ ಎಂಬ ಪದಗಳು ನುಸುಳಿದರೆ ಮಾತ್ರ ಅದು ಹಕ್ಕು ವರ್ಗಾಯಿಸುವ ಪತ್ರವಾಗಿ ನೋಂದಣಿಯ ಪ್ರಶ್ನೆ ಬರುತ್ತದೆ. "ಗೋಡೆ ಇಟ್ಟುಕೊಳ್ಳಲು, ಅದರ ಮೇಲೆ ಕಟ್ಟಿಕೊಳ್ಳಲು ಅನುಮತಿ ಕೊಟ್ಟಿದ್ದೇವೆ" ಎಂದು ನಿಮ್ಮ ಕಡೆಯಿಂದ ಬರೆಯುವುದೂ ಅಪಾಯ: ಅನುಮತಿಯನ್ನು ನಂಬಿ ಖರ್ಚು ಮಾಡಿ ಶಾಶ್ವತವಾದ ಕಟ್ಟಡ ಕಟ್ಟಿದವರಿಂದ ಆ ಅನುಮತಿಯನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲವೆಂದು 1882ರ ಈಸ್‌ಮೆಂಟ್ಸ್ ಕಾಯ್ದೆಯ 60ನೇ ಕಲಮು ಹೇಳುತ್ತದೆ. ಗೋಡೆಗೆ ಒರಗಿಸಿ ಶೀಟಿನ ಕೆಳಗೆ ಪಾತ್ರೆ ತೊಳೆಯುವ ಕಟ್ಟೆ ಬರುವುದು ಹೀಗೆಯೇ.

ಈ ಬರಹ ಅವರ ಮನೆಯನ್ನು ಮುಂದೆ ಕೊಂಡವರಿಗೂ ಅನ್ವಯಿಸುತ್ತದೆ, ಏಕೆಂದರೆ ಕೊಂಡವರ ಹಕ್ಕು ಇವರಿಂದಲೇ ಬಂದದ್ದು. ಆದರೆ ಅದು ಕೊಡುವುದು ಸಹಿಯಾದ ದಿನದಿಂದ ಮತ್ತೆ 12 ವರ್ಷ. ಹತ್ತು ವರ್ಷ ಆಗುವಷ್ಟರಲ್ಲಿ, ಅಥವಾ ಆ ಮನೆ ಕೈಬದಲಾಗುವಾಗ, ಹೊಸದೊಂದು ಸಹಿ ಮಾಡಿಸಿಕೊಳ್ಳಲು ನಿಮ್ಮ ಮಗನಿಗೆ ಈಗಲೇ ಹೇಳಿಡಿ, ಮೂಲ ಪ್ರತಿಯನ್ನು ಕ್ರಯಪತ್ರದ ಕಡತದಲ್ಲಿಯೇ ಇಡಿ.

ಅವರು ಅಳತೆಗೂ ಒಪ್ಪದೆ, ಎರಡನೆಯ ಪತ್ರಕ್ಕೂ ಉತ್ತರ ಕೊಡದೆ ಹೋದರೆ ನಿಮಗೆ ಇನ್ನೂ ಸುಮಾರು ಹತ್ತು ವರ್ಷದ ಅವಧಿಯಿದೆ, ಆದರೆ ಮೇಲೆ ಹೇಳಿದ ಕಾರಣಕ್ಕೆ ಅಷ್ಟು ಕಾಯುವುದು ಸರಿಯಲ್ಲ. ನಾಲ್ಕಾರು ತಿಂಗಳು ಸಾಕು. ಪೊಲೀಸ್ ಠಾಣೆಗೆ ಹೋಗಬೇಡಿ, ಸಿವಿಲ್ ವಿಷಯವೆಂದು ಅವರು ವಾಪಸು ಕಳುಹಿಸುತ್ತಾರೆ, ಸಂಬಂಧ ಮಾತ್ರ ಅಲ್ಲಿಗೆ ಮುಗಿಯುತ್ತದೆ. ನೋಟಿಸಿಗೂ ಮುಂಚೆ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ, ದಾವೆ ಹೂಡುವ ಮುಂಚಿನ ರಾಜಿಗಾಗಿ ಅರ್ಜಿ ಕೊಡಬಹುದು. ಅವರೇ ಪಕ್ಕದ ಮನೆಯವರನ್ನು ಕರೆಸುತ್ತಾರೆ, ಲೋಕ ಅದಾಲತ್ತಿನಲ್ಲಿ ರಾಜಿಯಾದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬೆಲೆಯೇ ಬರುತ್ತದೆ. ಅಲ್ಲಿಯೂ ನಿಮ್ಮ ಕೈಯಲ್ಲಿರಬೇಕಾದ ಮುಖ್ಯ ಕಾಗದಗಳೆಂದರೆ ಕ್ರಯಪತ್ರ, ಬಡಾವಣೆ ನಕ್ಷೆ, ಮತ್ತು ದಿನಾಂಕ ಹಾಕಿ ಕೊಟ್ಟ ಆ ಮೊದಲ ಪತ್ರದ ಪ್ರತಿ.